ಎರಡನೆಯ ಹಾಳೆ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ನಾನು ಮೂರನೇ ಕ್ಲಾಸಿನಲ್ಲಿದ್ದಾಗಲೇ ಅಮ್ಮ ಇದನ್ನು ಕಂಡುಹಿಡಿದಿದ್ದಳು. ಪಕ್ಕದ ಮನೆಯ ಹುಡುಗಿಯ ರಂಗೋಲಿ ನನ್ನದಕ್ಕಿಂತ ಚೆನ್ನಾಗಿ ಬಂದಿತ್ತು. ಅದರ ಮೇಲೆ ಒಂದು ಚೊಂಬು ನೀರು ಸುರಿದು, ಕಾಲು ಜಾರಿತು ಅಂದಿದ್ದೆ. "ಕಾಲು ಜಾರಿದ್ರೆ ನೀನು ಬೀಳ್ಬೇಕಿತ್ತು ಕಣೇ ಕೋಕಿಲಾ, ಬರೀ ನೀರು ಬಿದ್ದಿದೆಯಲ್ಲ" ಅಂದಳು ಅಮ್ಮ. ಅವಳೇನೂ ಹೊಡೆಯಲಿಲ್ಲ. ಆ ಮಾತು ಮಾತ್ರ ಇವತ್ತಿಗೂ ಮರೆತಿಲ್ಲ.

ಇದು ೨೦೦೮ರ ಕಥೆ. ನನಗೆ ಆಗ ಇಪ್ಪತ್ತೆಂಟು. ಬಸವನಗುಡಿಯಲ್ಲಿ, ಗಾಂಧಿ ಬಜಾರಿನ ಹಿಂದಿನ ರಸ್ತೆಯ ಒಂದು ಹಳೇ ಮನೆಯ ಮಹಡಿಯಲ್ಲಿ ನಮ್ಮ ಗೇಮ್ ಸ್ಟುಡಿಯೋ ಇತ್ತು. ಕೆಳಗೆ ಸೀರೆಗೆ ಫಾಲ್ ಹೊಲಿಯುವ ಅಂಗಡಿ, ಮೇಲೆ ನಾವು ಹದಿಮೂರು ಜನ. ಹೊರದೇಶದ ಕಂಪನಿಗಳು ಪಟ್ಟಿ ಕಳಿಸುತ್ತಿದ್ದವು, ನಾವು ಅದರಂತೆ ವಸ್ತುಗಳನ್ನು ಕಂಪ್ಯೂಟರಿನಲ್ಲಿ ಮಾಡಿ ಕಳಿಸುತ್ತಿದ್ದೆವು. ಎರಡು ವರ್ಷ ಅನಿಮೇಷನ್ ಡಿಪ್ಲೊಮಾ ಓದಿ, ಐದು ವರ್ಷ ಅಲ್ಲಿ ದುಡಿದು ನಾನು ಮಾಡಿದ್ದೇನು? ಮರದ ಪೆಟ್ಟಿಗೆ, ಎಣ್ಣೆ ಡ್ರಮ್ಮು, ಮುರಿದ ಕುರ್ಚಿ. ಇವಕ್ಕೆ ಪ್ರಾಪ್ಸ್ ಅನ್ನುತ್ತಾರೆ. ಆಟ ಆಡುವವರು ನನ್ನ ಪೆಟ್ಟಿಗೆಯ ಹಿಂದೆ ಅಡಗಿಕೊಂಡು ಗುಂಡು ಹಾರಿಸುತ್ತಾರೆ. ಪೆಟ್ಟಿಗೆ ಚೆನ್ನಾಗಿದೆ ಅಂತ ಇವತ್ತಿನವರೆಗೆ ಯಾರೂ ಅಂದಿಲ್ಲ.

ನನಗೆ ಬೇಕಾಗಿದ್ದದ್ದು ಎನ್ವಿರಾನ್‌ಮೆಂಟ್ ಆರ್ಟಿಸ್ಟ್ ಕೆಲಸ. ಬೀದಿ, ಗೋಡೆ, ಮರ, ಬೆಳಕು ಎಲ್ಲ ಸೇರಿಸಿ ಇಡೀ ಜಾಗವನ್ನೇ ಕಟ್ಟುವವರು ಅವರು. ಆ ವರ್ಷ ಸ್ಟುಡಿಯೋಗೆ ಮಕ್ಕಳ ಆಟವೊಂದರ ಕೆಲಸ ಬಂತು. ಫೋಟೋ ತೆಗೆದಂತೆ ಇರಬಾರದು, ಕೈಯಲ್ಲಿ ಬಣ್ಣ ಬಳಿದಂತಿರಬೇಕು. ಮನೆಗಳು ಸ್ವಲ್ಪ ದಪ್ಪ, ಸ್ವಲ್ಪ ಸೊಟ್ಟ. ಇದಕ್ಕೆ ಸ್ಟೈಲೈಸ್ಡ್ ಅನ್ನುತ್ತಾರೆ. ಅದಕ್ಕೆ ಒಬ್ಬರು ಬೇಕಾಗಿದ್ದರು, ಒಬ್ಬರೇ. ಹೊಂಗೆಮರದ ಕಡೆ ಕಿಟಕಿ ಇರುವ ಜಾಗ ಅವರಿಗೆ.

"ಪೇಪರ್‌ನಲ್ಲಿ ಆ್ಯಡ್ ಕೊಡ್ತೀನಿ. ಒಳಗಿನವರೂ ಸೀನ್ ಕೊಡ್ಬಹುದು. ಯಾರದ್ದು ಚೆನ್ನಾಗಿರತ್ತೋ ಅವರಿಗೆ ಸೀಟು," ಅಂದರು ನಮ್ಮ ಆರ್ಟ್ ಡೈರೆಕ್ಟರ್ ವಂಶಿ. ನಾನು ಎರಡು ತಿಂಗಳ ಶನಿವಾರ ಭಾನುವಾರಗಳನ್ನೆಲ್ಲ ಸುರಿದು ಮಲ್ಲೇಶ್ವರದ ನಮ್ಮ ತಾತನ ಮನೆಯನ್ನು ಮಾಡಿದೆ. ಕೆಂಪು ಹಂಚು, ಮುಂದೆ ಜಗುಲಿ, ಎರಡೂ ಕಡೆ ಒಂದೇ ಥರದ ಕಿಟಕಿ, ಒಂದು ಮೂಲೆಯಲ್ಲಿ ಮಲ್ಲಿಗೆ ಬಳ್ಳಿ. ಸಿ.ಡಿ.ಗೆ ಹಾಕಿ ವಂಶಿಯ ಮೇಜಿನ ಮೇಲಿಟ್ಟೆ. ಆ ಕಿಟಕಿ ನನ್ನದೇ ಎಂದು ಮನಸ್ಸಿನಲ್ಲಿ ಆಗಲೇ ಪರದೆಯ ಬಣ್ಣವನ್ನೂ ಆರಿಸಿದ್ದೆ.

ಹೊರಗಿನಿಂದ ಬಂದ ಅರ್ಜಿಗಳನ್ನು ಮೊದಲು ಜರಡಿ ಹಿಡಿಯುವ ಕೆಲಸ ಐದು ವರ್ಷದಿಂದ ನನ್ನದೇ ಆಗಿತ್ತು. ಈ ಸಲವೂ ವಂಶಿ ನನಗೇ ಕೊಟ್ಟರು. "ನಿಂದೂ ಒಂದು ಸೀನ್ ಇದೆ ಅಂತ ಗೊತ್ತು. ಆದ್ರೂ ನೀನು ನ್ಯಾಯವಾಗೇ ನೋಡ್ತೀಯ," ಅಂದರು. ರಂಗೋಲಿಯ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ.

ನಲವತ್ತೊಂದು ಸಿ.ಡಿ. ಬಂದಿದ್ದವು. ಕಮಲಮ್ಮ ಒಂದೊಂದನ್ನೂ ಇನ್‌ವರ್ಡ್ ರಿಜಿಸ್ಟರಿನಲ್ಲಿ ಬರೆದುಕೊಂಡು ನನಗೆ ಕೊಟ್ಟರು. ಅವರು ಸರ್ಕಾರಿ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಪೋಸ್ಟಿನಲ್ಲಿ ಕರಪತ್ರ ಬಂದರೂ ಅದಕ್ಕೊಂದು ನಂಬರು ಹಾಕುತ್ತಿದ್ದರು. ನಲವತ್ತು ಸಿ.ಡಿ.ಗಳನ್ನು ನೋಡಿ ನನಗೆ ಪರಮಾನಂದವಾಯಿತು. ಎಲ್ಲ ಬಾಹ್ಯಾಕಾಶ ನೌಕೆ, ಕತ್ತಿ ಹಿಡಿದ ರಾಕ್ಷಸ, ತಮ್ಮ ಇನ್‌ಸ್ಟಿಟ್ಯೂಟಿನಲ್ಲಿ ಎಲ್ಲರೂ ಮಾಡುವ ಅದೇ ಟೇಬಲ್ ಲ್ಯಾಂಪು.

ಉಳಿದ ಒಂದು ಚಾಮರಾಜಪೇಟೆಯಿಂದ ಬಂದಿತ್ತು. ಹೆಸರು ಶಿವಕುಮಾರಿ.

ನಾಲ್ಕು ದೃಶ್ಯಗಳಿದ್ದವು. ಮೊದಲನೆಯದು ತರಕಾರಿ ಅಂಗಡಿ. ನೀಲಿ ಟಾರ್ಪಾಲು ಹೊಟ್ಟೆ ತುಂಬಿದವರ ಹಾಗೆ ಕೆಳಕ್ಕೆ ಜೋತಿತ್ತು, ತಕ್ಕಡಿ ಒಂದು ಕಡೆ ವಾಲಿತ್ತು, ಟೊಮ್ಯಾಟೊಗಳು ಬೇಕೆಂದೇ ದಪ್ಪ. ಎರಡನೆಯದು ಚಿಕ್ಕಪೇಟೆಯ ಒಂದು ಗಲ್ಲಿ. ಬಟ್ಟೆಯ ಥಾನುಗಳು ಅಂಗಡಿಗಳಿಂದ ಹೊರಗೆ ಉಬ್ಬಿಕೊಂಡು ಬಂದು, ಮೇಲೆ ಒಂದು ಸೀಳು ಆಕಾಶ ಮಾತ್ರ ಉಳಿದಿತ್ತು. ಪ್ರತಿಯೊಂದರ ಪಕ್ಕದಲ್ಲೂ ಬರೀ ಗೆರೆಗಳ ಚಿತ್ರ, ಎಷ್ಟು ತ್ರಿಕೋನಗಳನ್ನು ಜೋಡಿಸಿ ಆಕಾರ ಮಾಡಿದ್ದೇನೆಂಬ ಲೆಕ್ಕ (ಕಡಿಮೆಯಾದಷ್ಟೂ ಆಟ ಹಗುರ), ಆ ಆಕಾರಗಳ ಮೈಗೆ ಹೊದಿಸಲು ಬಣ್ಣ ಬಳಿದ ಟೆಕ್ಸ್‌ಚರ್ ಹಾಳೆ. ನಮ್ಮ ಕಸುಬಿನಲ್ಲಿ ಹೀಗೆ ಅಂಗಿ ಬಿಚ್ಚಿ ತೋರಿಸಬೇಕು, ಮೇಲಿನ ಚಂದ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ನಾನು ಒಂದು ಪೆಟ್ಟಿಗೆಗೆ ಸುರಿಯುವಷ್ಟು ತ್ರಿಕೋನಗಳಲ್ಲಿ ಅವಳು ಒಂದು ಅಂಗಡಿಯನ್ನೇ ನಿಲ್ಲಿಸಿದ್ದಳು.

ಆ ಗಲ್ಲಿಯೊಳಗೆ ನಡೆದು ಹೋಗಬೇಕು ಅನ್ನಿಸಿತು ನನಗೆ. ನನ್ನ ತಾತನ ಮನೆಯನ್ನು ನೋಡಿದಾಗ ನನಗೇ ಹಾಗೆ ಅನ್ನಿಸಿರಲಿಲ್ಲ. ಹೊಟ್ಟೆಯಲ್ಲಿ ಕಿಚ್ಚು ಹತ್ತಿತು, ನಿಜವಾದ ಕಿಚ್ಚು, ಮಧ್ಯಾಹ್ನದ ಬಿಸಿಬೇಳೆಬಾತ್ ಗಂಟಲಿಗೆ ಬಂತು.

ಮೂರನೆಯದನ್ನು ತೆರೆದಾಗ ಸ್ವಲ್ಪ ಸಮಾಧಾನವಾಯಿತು. ಅದೊಂದು ಕಲ್ಲಿನ ಮಂಟಪ, ಏನೋ ಸರಿಯಿರಲಿಲ್ಲ. ನಾಲ್ಕನೆಯದು ಅದೇ ಕಂಬಗಳಿದ್ದ ಹಳೇ ವಠಾರ, ನಡುವೆ ಒಂದು ನಲ್ಲಿ, ಸುತ್ತ ಬಿಂದಿಗೆಗಳ ಸಾಲು. ಅದು ಎಲ್ಲಕ್ಕಿಂತ ಚೆನ್ನಾಗಿತ್ತು. ನಾನು ಸಿ.ಡಿ. ಹೊರಗೆ ತೆಗೆದು ಪತ್ರ ಬಿಡಿಸಿದೆ.

ಎರಡು ಹಾಳೆ. ಮೊದಲನೆಯದು ಇಂಗ್ಲಿಷಿನಲ್ಲಿ ಟೈಪ್ ಆಗಿತ್ತು, ಎಲ್ಲರ ಅರ್ಜಿಯಲ್ಲೂ ಇರುವಂಥದ್ದೇ. ಎರಡನೆಯದು ಕನ್ನಡದಲ್ಲಿ, ಕೈಬರಹ:

"ಮಾನ್ಯರೇ, ಮೊದಲ ಹಾಳೆಯನ್ನು ಸೈಬರ್ ಕೆಫೆಯ ಅಣ್ಣ ಟೈಪ್ ಮಾಡಿಕೊಟ್ಟರು. ಅದರಲ್ಲಿ ನಾನು ಶ್ರಮಜೀವಿ, ಪ್ರಾಮಾಣಿಕಳು ಎಂದೆಲ್ಲ ಇದೆ. ಅವರು ಎಲ್ಲರಿಗೂ ಅದನ್ನೇ ಟೈಪ್ ಮಾಡಿಕೊಡುತ್ತಾರೆ. ಚಿತ್ರಗಳ ಬಗ್ಗೆ ಹೇಳಬೇಕಾದ್ದು ನನಗೆ ಇಂಗ್ಲಿಷಿನಲ್ಲಿ ಬರಲಿಲ್ಲ. ಅದಕ್ಕೆ ಈ ಹಾಳೆ.

"ನಾನು ಬಿ.ಕಾಂ. ಮುಗಿಸಿದ್ದೇನೆ. ಚಿತ್ರದ ಕೆಲಸವನ್ನು ಯಾವ ಇನ್‌ಸ್ಟಿಟ್ಯೂಟಿನಲ್ಲೂ ಕಲಿತಿಲ್ಲ. ಬೆಳಗ್ಗೆ ಅಮ್ಮನ ಜೊತೆ ತರಕಾರಿ ಅಂಗಡಿಯಲ್ಲಿರುತ್ತೇನೆ, ಮಧ್ಯಾಹ್ನ ಕಂಪ್ಯೂಟರ್ ಮುಂದೆ. ಎಸ್.ಪಿ. ರೋಡಿನಲ್ಲಿ ಜೋಡಿಸಿದ ಹಳೆಯ ಕಂಪ್ಯೂಟರ್. ಬ್ಲೆಂಡರ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುವುದರಿಂದ ಮೂರು ವರ್ಷ ಅದರಲ್ಲೇ ಕಲಿತೆ. ನಿಮ್ಮಲ್ಲಿ ಮ್ಯಾಕ್ಸ್ ಬಳಸುತ್ತೀರಿ ಎಂದು ಜಾಹೀರಾತಿನಲ್ಲಿತ್ತು. ನಾಲ್ಕನೆಯ ದೃಶ್ಯವನ್ನು ಮ್ಯಾಕ್ಸ್‌ನ ಮೂವತ್ತು ದಿನದ ಟ್ರಯಲ್‌ನಲ್ಲಿ ಮಾಡಿದೆ. ಇಪ್ಪತ್ತಾರು ದಿನ ಹಿಡಿಯಿತು.

"ಮೂರನೆಯ ದೃಶ್ಯ ತಪ್ಪಾಗಿದೆ. ಮಂಟಪದ ಅರ್ಧ ಮಾತ್ರ ಮಾಡಿ, ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಉಳಿದರ್ಧ ಮಾಡಿದೆ. ಹಾಗೆ ಮಾಡಿದರೆ ಟೆಕ್ಸ್‌ಚರ್ ಅರ್ಧ ಸಾಕು. ಆದರೆ ಕಂಬಗಳಿಗೆ ಎಡಗಡೆಯಿಂದ ಬಿಸಿಲು ಬಿದ್ದಂತೆ ಬಣ್ಣ ಬಳಿದಿದ್ದೆ. ತಿರುಗಿಸಿದಾಗ ಬಿಸಿಲೂ ತಿರುಗಿತು. ಒಂದು ಮಂಟಪಕ್ಕೆ ಎರಡು ಸೂರ್ಯ. ಯಾಕೆ ಹೀಗಾಯಿತೆಂದು ತಿಳಿಯಲು ಎರಡು ವಾರ ಬೇಕಾಯಿತು. ಬೆಳಕನ್ನು ಬದಿಯಿಂದ ಬಳಿಯಬಾರದು, ಮೇಲಿನಿಂದ ಇಳಿಸಬೇಕು. ಆಗ ಗೋಡೆಯನ್ನು ಯಾವ ಕಡೆ ತಿರುಗಿಸಿದರೂ ಅದು ಸುಳ್ಳು ಹೇಳುವುದಿಲ್ಲ. ನಾಲ್ಕನೆಯದರಲ್ಲಿ ಅದೇ ಕಂಬಗಳನ್ನು ಹಾಗೆ ಮಾಡಿದ್ದೇನೆ. ಮೂರನೆಯದನ್ನು ತೆಗೆದುಬಿಡು ಎಂದು ಸೈಬರ್ ಕೆಫೆಯ ಅಣ್ಣ ಹೇಳಿದರು. ನಾನು ತೆಗೆಯಲಿಲ್ಲ. ನನಗೆ ಕಲಿಸಿದವರು ಯಾರೂ ಇಲ್ಲ, ಆದ್ದರಿಂದ ನಾನು ಕಲಿಯಬಲ್ಲೆ ಎನ್ನುವುದಕ್ಕೆ ಅದೊಂದೇ ಸಾಕ್ಷಿ. ದಯವಿಟ್ಟು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ."

ಓದಿ ಮುಗಿಸಿ ಕೂತೆ. ನನ್ನ ಡಿಪ್ಲೊಮಾ ಪ್ರಾಜೆಕ್ಟಿನ ತಪ್ಪುಗಳನ್ನು ನಾನು ಯಾರಿಗಾದರೂ ತೋರಿಸಿದ್ದುಂಟೇ? ಡಿಲೀಟ್ ಮಾಡಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದ್ದೆ. ಇವಳು ತಪ್ಪನ್ನು ತಂದು ಹಣೆಗೆ ಅಂಟಿಸಿಕೊಂಡು ನಿಂತಿದ್ದಾಳೆ, ಅದೂ ಅವಳಿಗೆ ಒಪ್ಪುತ್ತಿದೆ! ಆ ಧೈರ್ಯ ಕಂಡು ಚಿತ್ರಗಳಿಗಿಂತ ಹೆಚ್ಚು ಹೊಟ್ಟೆ ಉರಿಯಿತು.

ಸಿ.ಡಿ.ಯನ್ನೇ ಬಿಸಾಡಬಹುದಿತ್ತು. ಅಷ್ಟು ಕೆಟ್ಟವಳಲ್ಲ ನಾನು ಎಂದು ನನಗೆ ನಾನೇ ಹೇಳಿಕೊಂಡೆ. ಸಿ.ಡಿ. ಮತ್ತು ಮೊದಲ ಹಾಳೆಯನ್ನು ಪಿನ್ ಮಾಡಿ ವಂಶಿಯ ಟ್ರೇಗೆ ಹಾಕಿದೆ. ಎರಡನೆಯ ಹಾಳೆಯನ್ನು ಮಡಿಸಿ ನನ್ನ ಬ್ಯಾಗಿನೊಳಗೆ ಇಟ್ಟುಕೊಂಡೆ. ಚಿತ್ರಗಳು ಹೋಗಿವೆಯಲ್ಲ, ಚಿತ್ರ ಚೆನ್ನಾಗಿದ್ದರೆ ಅವೇ ಮಾತಾಡಲಿ. ಇದು ನಾನು ಹೇಳಿಕೊಂಡ ನ್ಯಾಯ.

ಶುಕ್ರವಾರ ಬೆಳಗ್ಗೆ ವಂಶಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿದರು. ಮೊದಲೆರಡು ದೃಶ್ಯಗಳಿಗೆ "ಅಬ್ಬಾ!" ಎಂದು ಮುಂದಕ್ಕೆ ಬಾಗಿದರು. ಮೂರನೆಯದಕ್ಕೆ ಹಿಂದಕ್ಕೆ ಒರಗಿದರು.

"ಇದೇನಿದು? ಈ ಕಂಬಕ್ಕೆ ಬಿಸಿಲು ಎಡಗಡೆಯಿಂದ, ಆ ಕಂಬಕ್ಕೆ ಬಲಗಡೆಯಿಂದ."

ನಾಲ್ಕನೆಯದನ್ನು ತೆರೆದರು. ಬಹಳ ಹೊತ್ತು ನೋಡಿದರು. ಆಮೇಲೆ ಗೆರೆಗಳ ಚಿತ್ರ ತೆರೆದು ಹುಬ್ಬು ಗಂಟಿಕ್ಕಿದರು.

"ಕೋಕಿಲಾ, ಇಲ್ನೋಡು. ಮೊದಲ ಮೂರು ಬ್ಲೆಂಡರ್‌ನಲ್ಲಿವೆ, ಇದು ಮ್ಯಾಕ್ಸ್. ಅಲ್ಲಿ ಅಷ್ಟು ದೊಡ್ಡ ತಪ್ಪು ಮಾಡಿದವಳು ಇಲ್ಲಿ ಅದೇ ಕಂಬ ಇಷ್ಟು ನೀಟಾಗಿ ಮಾಡ್ತಾಳಾ? ಇದು ಅವಳದಲ್ಲ ಅನ್ಸತ್ತೆ. ಯಾರದ್ದೋ ಎತ್ತಿ ಹಾಕಿದಾಳೆ." ಪತ್ರ ಕೈಗೆತ್ತಿಕೊಂಡರು. "ಶ್ರಮಜೀವಿ, ಪ್ರಾಮಾಣಿಕಳು... ಪ್ರಾಮಾಣಿಕಳಂತೆ! ಲೆಟರ್ ಇಷ್ಟೇನಾ?"

"ಇಷ್ಟೇ," ಅಂದೆ.

ಒಂದು ಚೊಂಬು ನೀರು. ಅವಳನ್ನು ಕಳ್ಳಿ ಎನ್ನುತ್ತಾರೆಂದು ನಾನು ಎಣಿಸಿರಲಿಲ್ಲ. ಆದರೆ ಎಣಿಸಿರಲಿಲ್ಲ ಅನ್ನುವುದಕ್ಕೂ ಬಾಯಿ ತೆರೆಯಲಿಲ್ಲ ಅನ್ನುವುದಕ್ಕೂ ವ್ಯತ್ಯಾಸವಿದೆ. ಬ್ಯಾಗು ನನ್ನ ಕಾಲಬಳಿಯೇ ಇತ್ತು.

"ಅನ್ನ ಬೆಂದಿದೆಯಾ ಅಂತ ಒಂದಗುಳು ಹಿಸುಕಿದ್ರೆ ಸಾಕು," ಎಂದು ವಂಶಿ ಆ ಸಿ.ಡಿ.ಯನ್ನು ವಾಪಸಿನ ರಾಶಿಗೆ ಹಾಕಿದರು. ಆಮೇಲೆ ನನ್ನ ಸಿ.ಡಿ. ಹಾಕಿದರು.

ತಾತನ ಮನೆ ತೆರೆಯಿತು. ಅವರು ನೋಡಿದರು. ನಾನೂ ನೋಡಿದೆ.

ಎಡಗಡೆಯ ಕಿಟಕಿಗೆ ಬಿಸಿಲು ಎಡದಿಂದ. ಬಲಗಡೆಯ ಕಿಟಕಿಗೆ ಬಲದಿಂದ. ಎರಡು ಸೂರ್ಯ. ನಾನೂ ಅರ್ಧ ಮನೆ ಮಾಡಿ ತಿರುಗಿಸಿದ್ದೆ. ಐದು ವರ್ಷ ನಾನು ಮಾಡಿದ್ದು ಫೋಟೋದಂಥ ಪೆಟ್ಟಿಗೆಗಳು. ಅದರಲ್ಲಿ ಟೆಕ್ಸ್‌ಚರಿಗೆ ಬೆಳಕು ಬಳಿಯುವುದೇ ಇಲ್ಲ, ಫೋಟೋದಲ್ಲಿರುವ ನೆರಳನ್ನೂ ಒರೆಸಿ ಹಾಕುತ್ತೇವೆ, ಬೆಳಕನ್ನು ಆಟವೇ ಕೊಡುತ್ತದೆ. ಕೈಯಿಂದ ಬೆಳಕು ಬಳಿದದ್ದು ಇದೇ ಮೊದಲು. ಶಿವಕುಮಾರಿ ತಪ್ಪನ್ನೂ ಪರಿಹಾರವನ್ನೂ ಬರೆದು ನನ್ನ ಕೈಗೆ ಕೊಟ್ಟಿದ್ದಳು. ಓದಿದ ದಿನವೇ ಹೋಗಿ ನನ್ನ ಗೋಡೆ ನೋಡಿಕೊಂಡಿದ್ದರೆ ಒಂದು ಸಂಜೆಯ ಕೆಲಸ. ಆದರೆ ನಾನು ಅದನ್ನು ಓದಿದ್ದು ಹೊಟ್ಟೆ ಉರಿಸಿಕೊಳ್ಳಲು, ಕಲಿಯಲಿಕ್ಕಲ್ಲ.

"ನೀನೂನಾ?" ಅಂದರು ವಂಶಿ. ಅವರಿಗೆ ನಿಜಕ್ಕೂ ಬೇಸರವಾಗಿತ್ತು. "ಇದು ಯಾಕೆ ಹೀಗಾಯ್ತು ಅಂತಾದ್ರೂ ಗೊತ್ತಾ ನಿಂಗೆ?"

ನನ್ನ ಬಾಯಿಂದ ತಾನಾಗಿ ಬಂತು. "ಗೊತ್ತು. ಅರ್ಧ ಮಾಡಿ ತಿರುಗಿಸಿದ್ರಿಂದ ಬಿಸಿಲೂ ತಿರುಗ್ತು. ಬೆಳಕನ್ನ ಬದಿಯಿಂದ ಬಳೀಬಾರ್ದಿತ್ತು, ಮೇಲಿಂದ ಇಳಿಸ್ಬೇಕಿತ್ತು. ಆಗ ಗೋಡೆಯನ್ನ ಯಾವ ಕಡೆ ತಿರುಗಿಸಿದ್ರೂ ಅದು ಸುಳ್ಳು ಹೇಳಲ್ಲ."

ವಂಶಿ ನನ್ನ ಕಡೆ ತಿರುಗಿದರು. ಅವರ ಮುಖ ಅರಳಿತು. "ನೋಡು, ಇದು! ತಪ್ಪು ಯಾರು ಬೇಕಾದ್ರೂ ಮಾಡ್ತಾರೆ. ಯಾಕಾಯ್ತು ಅಂತ ಇಷ್ಟು ಚೆನ್ನಾಗಿ ಹೇಳೋರು ಬೇಕು ನಂಗೆ. ಸರಿ ಮಾಡ್ಕೊಂಡು ಬಾ. ಸೀಟು ನಿಂದು."

ಕಿಟಕಿಯ ಪಕ್ಕಕ್ಕೆ ಹೋದೆ. ಹೊಂಗೆಮರ ಚೆನ್ನಾಗಿಯೇ ಕಾಣುತ್ತಿತ್ತು. ಸೋಮವಾರ ವಂಶಿ ಟೀಮಿನ ಎದುರು ಬೋರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: "ಬೆಳಕನ್ನು ಮೇಲಿನಿಂದ ಇಳಿಸಿ. ಆಗ ಗೋಡೆ ಸುಳ್ಳು ಹೇಳುವುದಿಲ್ಲ." ಕೆಳಗೆ ಒಂದು ಗೆರೆ ಎಳೆದು, "ಕೋಕಿಲಾ." ಎಲ್ಲರೂ ಚಪ್ಪಾಳೆ ತಟ್ಟಿದರು. "ಎಂಥಾ ಮಾತು ಹೇಳ್ಬಿಟ್ಟೆ ಗುರು," ಅಂದ ಒಬ್ಬ.

ಇಲ್ಲಿಂದ ನನ್ನ ಕಷ್ಟ ಶುರು. ಐದು ವರ್ಷದಲ್ಲಿ ಮೊದಲ ಸಲ ಹೊಗಳಿಕೆ ಬಂದಿತ್ತು, ಆದರೆ ಅವರು ಹೊಗಳಿದ್ದು ಅವಳನ್ನು. ಯಾರಾದರೂ ಬೋರ್ಡು ತೋರಿಸಿ "ಸೂಪರ್" ಅಂದಾಗಲೆಲ್ಲ ಚಾಮರಾಜಪೇಟೆಯ ಆ ಕಾಣದ ಹುಡುಗಿಯ ಮೇಲೆ ಹೊಸದಾಗಿ ಹೊಟ್ಟೆ ಉರಿಯುತ್ತಿತ್ತು. ಅವಳ ಜಾಗ ಕಿತ್ತುಕೊಂಡೆ, ಅವಳನ್ನು ಕಳ್ಳಿ ಅನ್ನಿಸಿದೆ, ಆದರೂ ನನ್ನ ಹೆಸರಿನ ಮೇಲೆ ಅವಳೇ ಕೂತಿದ್ದಳು. ಕದ್ದ ಸೀರೆಯನ್ನು ಉಟ್ಟುಕೊಂಡು ಮದುವೆಗೆ ಹೋದವಳಿಗೆ, ಸೀರೆ ಎಷ್ಟು ಚೆನ್ನಾಗಿದೆ ಅಂದರೆ ಸಂತೋಷವಾಗುತ್ತದೆಯೇ?

ಗುರುವಾರ ಕಮಲಮ್ಮ ರಿಜಿಸ್ಟರ್ ಹಿಡಿದು ಬಂದರು. ತಿರಸ್ಕರಿಸಿದ ಅರ್ಜಿಗಳನ್ನು ಬಂದ ಹಾಗೇ ವಾಪಸು ಕಳಿಸುವುದು ಅವರ ಪದ್ಧತಿ.

"ಕೋಕಿಲಾ, ಮೂವತ್ತೇಳನೇ ನಂಬರು. ಸಿ.ಡಿ. ಒಂದು, ಪತ್ರ ಎರಡು ಹಾಳೆ ಅಂತ ಬರ್ದಿದೀನಿ. ಇಲ್ಲಿ ಒಂದೇ ಇದೆಯಲ್ಲಮ್ಮ?"

"ನಾನ್ಯಾಕೆ ಇಟ್ಕೊಳ್ಳಲಿ ಕಮಲಮ್ಮ?" ಅಂದೆ, ಜೋರಾಗಿ.

"ನೀನು ಇಟ್ಕೊಂಡೆ ಅಂತ ಯಾರು ಅಂದ್ರು?" ಅಂದರು ಅವರು ಕನ್ನಡಕದ ಮೇಲಿಂದ ನೋಡುತ್ತಾ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾಚಿಕೆಯಾಗಿ, ಹುಡುಕಿ ನಾನೇ ತಲುಪಿಸುತ್ತೇನೆ ಎಂದು ಸಿ.ಡಿ. ಇಸಿದುಕೊಂಡೆ. ಪೋಸ್ಟಿಗೆ ಹಾಕಬಹುದಿತ್ತು. ಆದರೆ ನಿಜ ಹೇಳಬೇಕೆಂದರೆ ಅವಳನ್ನು ನೋಡಬೇಕಿತ್ತು ನನಗೆ. ಎದುರು ನೋಡಿದರೆ ಏನಾದರೊಂದು ಕೊರತೆ ಸಿಗುತ್ತದೆ, ಹೊಟ್ಟೆಯ ಉರಿ ಆರುತ್ತದೆ ಎಂಬ ಆಸೆ.

ಮಾರನೆಯ ದಿನ ಆಫೀಸಿಗೆ ಹೋಗುವ ಮೊದಲು ಚಾಮರಾಜಪೇಟೆಗೆ ಹೋದೆ. ಅಂಗಡಿಯನ್ನು ಹುಡುಕಬೇಕಾಗಲಿಲ್ಲ. ರಸ್ತೆ ತಿರುವಿನಲ್ಲೇ ಗುರುತು ಸಿಕ್ಕಿತು: ಜೋತುಬಿದ್ದ ನೀಲಿ ಟಾರ್ಪಾಲು, ಒಂದು ಕಡೆ ವಾಲಿದ ತಕ್ಕಡಿ. ಚಿತ್ರದಲ್ಲಿ ಟೊಮ್ಯಾಟೊ ಇನ್ನೂ ದಪ್ಪ ಇದ್ದವು, ಅಷ್ಟೇ.

"ಏನ್ ಬೇಕವ್ವಾ? ಹುರುಳಿಕಾಯಿ ಎಳೇದೈತೆ ನೋಡು," ಅಂದರು ಸಪ್ಪಲಮ್ಮ, ಶಿವಕುಮಾರಿಯ ತಾಯಿ. ಸ್ಟುಡಿಯೋದಿಂದ ಬಂದೆ ಅಂದ ತಕ್ಷಣ ಹಿಂದಿನಿಂದ ಒಬ್ಬಳು ಎದ್ದು ಬಂದಳು. ಸಣ್ಣಗಿದ್ದಳು, ಕೈಯಲ್ಲಿ ಕೊತ್ತಂಬರಿ ಕಟ್ಟು. ನನ್ನ ಕೈಯಲ್ಲಿದ್ದ ಸಿ.ಡಿ. ನೋಡಿದಳು. ಇನ್ನೇನೂ ಹೇಳಬೇಕಾಗಲಿಲ್ಲ.

"ವಾಪಸ್ ಕೊಡಕ್ಕೆ ನೀವೇ ಬಂದ್ರಾ ಮೇಡಂ? ಥ್ಯಾಂಕ್ಸ್," ಅಂದಳು. ನಾನು ಏನಾದರೂ ಹೇಳಬೇಕೆಂದು, ಟೊಮ್ಯಾಟೊ ಯಾಕೆ ಅಷ್ಟು ದಪ್ಪ ಮಾಡಿದೆ ಎಂದು ಕೇಳಿದೆ.

"ಅಂಗಡಿಗೆ ಬರೋರ ಕಣ್ಣು ಮೊದ್ಲು ಅದ್ರ ಮೇಲೇ ಬೀಳತ್ತೆ ಮೇಡಂ. ದಿನಾ ನೋಡ್ತೀನಲ್ಲ. ಕಣ್ಣು ಎಲ್ಲಿ ಬೀಳತ್ತೋ ಅದನ್ನ ದೊಡ್ದು ಮಾಡ್ತೀನಿ, ಮಿಕ್ಕಿದ್ದನ್ನ ಸಣ್ಣಕ್ಕೆ ಬಿಡ್ತೀನಿ."

ಎರಡು ವರ್ಷದ ಡಿಪ್ಲೊಮಾದಲ್ಲಿ ನನಗೆ ಇದನ್ನು ಯಾರೂ ಹೇಳಿರಲಿಲ್ಲ. ಕೊರತೆ ಹುಡುಕಲು ಬಂದು ಇದು ಸಿಕ್ಕಿತು.

ಅವಳು ದನಿ ತಗ್ಗಿಸಿದಳು. "ಮೂರನೇದ್ರಿಂದ ಹೋಯ್ತಾ ಮೇಡಂ?"

"ಹೌದು."

"ಎರಡನೇ ಹಾಳೆ ಓದಿದ್ರಾ?"

ಇಲ್ಲ ಅನ್ನಬಹುದಿತ್ತು. ಕಳೆದುಹೋಯಿತು ಅನ್ನಬಹುದಿತ್ತು. "ನಾನು ಓದಿದೆ," ಅಂದೆ.

ಅವಳು ಕೊತ್ತಂಬರಿಯ ದಾರವನ್ನು ಸ್ವಲ್ಪ ಹೊತ್ತು ಸುತ್ತಿದಳು. "ಹಂಗಾದ್ರೆ ಸರಿ. ಓದಿ ಆದ್ಮೇಲೂ ಬೇಡ ಅಂದ್ರೆ ಅದು ಸರಿಯಾಗೇ ಇರತ್ತೆ. ನೀವು ತಿಳಿದವರು. ಅಣ್ಣ ಹೇಳಿದ್ದೇ ನಿಜ, ತಪ್ಪು ಮಾಡಿದ್ದನ್ನ ಯಾರಿಗೂ ತೋರಿಸ್ಬಾರ್ದು. ಇನ್ಮೇಲೆ ಆ ಹಾಳೆ ಬರೆಯಲ್ಲ. ಮೊದಲನೇದು ಒಂದೇ ಸಾಕು."

ಸಪ್ಪಲಮ್ಮ ಅಷ್ಟರಲ್ಲಿ ಹುರುಳಿಕಾಯಿ ತೂಗಿ ನನ್ನ ಚೀಲಕ್ಕೆ ಸುರಿದು, ದುಡ್ಡು ಬೇಡವೆಂದು ಕೈ ಅಡ್ಡ ಹಿಡಿದರು. ಮಗಳಿಗಾಗಿ ಅಂಗಡಿಯವರೆಗೆ ಬಂದಿದ್ದೆನಲ್ಲ, ಅದಕ್ಕೆ.

ಬಸ್ಸು ಹತ್ತದೆ ನಡೆದೇ ಬಸವನಗುಡಿಗೆ ಬಂದೆ. ಅವಳು ಅತ್ತಿದ್ದರೆ, ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಮಾತು ನಂಬಿದಳು. ನನ್ನನ್ನು ಉರಿಸಿದ್ದ ಆ ಒಂದು ಧೈರ್ಯವನ್ನು ಅವಳು ನನ್ನ ಎದುರಿಗೇ ಕಿತ್ತು ಹಾಕಿದಳು. ನನಗೆ ಸಂತೋಷವಾಗಬೇಕಿತ್ತು. ಬದಲಿಗೆ, ಅಳಿಸಿಹೋದ ರಂಗೋಲಿಯ ಮುಂದೆ ಆ ಪಕ್ಕದ ಮನೆ ಹುಡುಗಿ ತನ್ನದೇ ತಪ್ಪೆಂಬಂತೆ ನಿಂತಿದ್ದದ್ದು ನೆನಪಾಯಿತು.

ಆಫೀಸಿಗೆ ಬಂದವಳೇ ಬ್ಯಾಗಿನಿಂದ ಹಾಳೆ ತೆಗೆದು ವಂಶಿಯ ಮುಂದಿಟ್ಟೆ. "ಮೂವತ್ತೇಳನೇ ನಂಬರಿನದು. ನಾನು ತೆಗೆದಿಟ್ಕೊಂಡಿದ್ದೆ."

ಅವರು ಓದಿದರು. ಮಂಟಪದ ಭಾಗಕ್ಕೆ ಬಂದಾಗ ಅವರ ಬೆರಳು ನಿಂತಿತು. ಆ ಸಾಲನ್ನು ಮೆಲ್ಲಗೆ ಓದಿದರು, ತಲೆಯೆತ್ತಿ ಬೋರ್ಡು ನೋಡಿದರು, ಮತ್ತೆ ಹಾಳೆ ನೋಡಿದರು. ನನ್ನ ಕಡೆ ಮಾತ್ರ ನೋಡಲಿಲ್ಲ.

"ನಾನು ಆ ಹುಡುಗೀನ ಕಳ್ಳಿ ಅಂದೆ," ಅಂದರು. "ನೀನು ಪಕ್ಕದಲ್ಲೇ ಕೂತಿದ್ದೆ."

"ಹೌದು."

"ನಿನ್ನನ್ನ ಕೆಲಸದಿಂದ ತೆಗೀಬೇಕು ಅನ್ನಿಸ್ತಾ ಇದೆ. ನೀನಾಗೇ ತಂದೆಯಲ್ಲ, ಅದಕ್ಕೆ ಯೋಚನೆ ಮಾಡ್ತಿದೀನಿ." ಎದ್ದು ಹೋಗಿ ಬೋರ್ಡಿನ ಮೇಲಿದ್ದ ನನ್ನ ಹೆಸರನ್ನು ಹೆಬ್ಬೆರಳಿನಿಂದ ಒರೆಸಿದರು. "ಆ ಸೀಟಿನಿಂದ ಏಳು. ಪೆಟ್ಟಿಗೆಗಳ ಲಿಸ್ಟ್ ಬಂದಿದೆ, ತಗೋ."

ಅಂದೇ ಅವಳಿಗೆ ಫೋನ್ ಹೋಯಿತು. ಸೋಮವಾರ ಬಂದು, ವಂಶಿಯ ಎದುರಿಗೇ ಕೂತು ಟೆಸ್ಟ್ ಕೊಟ್ಟಳು: ಒಂದು ಕಾಂಪೌಂಡ್ ಗೋಡೆ, ಒಂದು ಗೇಟು, ಬಣ್ಣ ಸಮೇತ. ಸಂಜೆಯೊಳಗೆ ಮುಗಿಸಿದಳು. ಗೇಟಿನ ಎರಡು ಬಾಗಿಲುಗಳಿಗೂ ಬೆಳಕು ಮೇಲಿನಿಂದಲೇ ಇಳಿದಿತ್ತು. ನಾನು ನನ್ನ ಹಳೇ ಮೂಲೆಯಿಂದ ನೋಡುತ್ತಿದ್ದೆ. ತಪ್ಪು ಒಪ್ಪಿಕೊಂಡ ಮೇಲೆ ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಕಿಚ್ಚು ಇದ್ದಲ್ಲೇ ಇತ್ತು.

ಅವಳು ಕೆಲಸಕ್ಕೆ ಸೇರಿದ ದಿನ ಎಲ್ಲರಿಗಿಂತ ಮೊದಲೇ ಬಂದಿದ್ದಳು. ನಾನು ಹೋದಾಗ ಬೋರ್ಡಿನ ಮುಂದೆ ನಿಂತಿದ್ದಳು. ಸಾಲು ಹಾಗೇ ಇತ್ತು, ಕೆಳಗೆ ನನ್ನ ಹೆಸರು ಒರೆಸಿದ ಕಲೆ.

"ಮೇಡಂ, ಇದು ನಾನು ಬರೆದದ್ದಲ್ವಾ?" ಅಂದಳು. ನಿಜಕ್ಕೂ ಆಶ್ಚರ್ಯವಾಗಿತ್ತು ಅವಳಿಗೆ. "ನೀವು ಓದಿದೆ ಅಂದ್ರಲ್ಲ. ಅವತ್ತೇ ನಿಮಗೆ ಹಿಡಿಸಿತ್ತಾ?"

"ಹಿಡಿಸಿತ್ತು. ಅದಕ್ಕೇ ಬಚ್ಚಿಟ್ಟಿದ್ದೆ."

ಅವಳು ನನ್ನ ಮುಖ ನೋಡಿದಳು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು, ಆಮೇಲೆ ಪೂರ್ತಿ ಅರ್ಥವಾಯಿತು. ಅವಳಮ್ಮ ದುಡ್ಡಿಲ್ಲದೆ ಕೊಟ್ಟ ಹುರುಳಿಕಾಯಿಯ ಲೆಕ್ಕವೂ ಸೇರಿ. ಹೋಗಿ ಕಿಟಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು, ಕಂಪ್ಯೂಟರ್ ಆನ್ ಮಾಡಿದಳು, ತನ್ನ ಬೀದಿಗೆ ಬೇಕಾದ ವಸ್ತುಗಳ ಪಟ್ಟಿಯನ್ನು ನೋಡಿದಳು. ಆ ಪಟ್ಟಿಯಲ್ಲಿದ್ದುದನ್ನೆಲ್ಲ ಮಾಡಿಕೊಡಬೇಕಾದವಳು ನಾನು, ಒಪ್ಪಬೇಕಾದವಳು ಅವಳು.

"ಮೊದಲನೇ ಪೆಟ್ಟಿಗೆ ಯಾವಾಗ ಕೊಡ್ತೀರಾ ಮೇಡಂ?" ಅಂದಳು, ನನ್ನ ಕಡೆ ತಿರುಗದೆ. "ತಪ್ಪಿದ್ರೂ ಪರವಾಗಿಲ್ಲ. ತೋರಿಸಿ."